ತೀರಿದ ಬೈಕ್ ಸಾಲವನ್ನು ಸುಸ್ತಿ ಎಂದು ವರದಿ ಮಾಡಿರುವುದನ್ನು ಸರಿಪಡಿಸಲು ಕೋರಿ

ಹಾಸನ, 14-10-2025

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಮುಖ್ಯ ಶಾಖೆ, ಹಾಸನ

ವಿಷಯ: ದ್ವಿಚಕ್ರ ವಾಹನ ಸಾಲ, ಖಾತೆಯ ಕೊನೆಯ ಅಂಕಿಗಳು 4471

ಮಾನ್ಯರೇ,

ತಮ್ಮ ಶಾಖೆಯಲ್ಲಿ ಪಡೆದ ₹84,000 ಸಾಲಕ್ಕೆ ಜುಲೈ 2023ರಿಂದ ಡಿಸೆಂಬರ್ 2024ರವರೆಗೆ ತಿಂಗಳಿಗೆ ₹3,915ರಂತೆ 18 ಕಂತುಗಳನ್ನು ತಪ್ಪದೆ ಕಟ್ಟಿದ್ದೇನೆ. ಉಳಿದದ್ದನ್ನು ಅವಧಿಗೆ ಮುಂಚೆಯೇ ತೀರಿಸಲು ಶಾಖೆಯೇ ಲೆಕ್ಕ ಹಾಕಿ ಕೊಟ್ಟ ₹22,915 ಅನ್ನು 2-1-2025ರಂದು ನೆಫ್ಟ್ ಮೂಲಕ ಕಟ್ಟಿದೆ. 9-1-2025ರಂದು ಎನ್‌ಒಸಿ ಕೊಟ್ಟಿದ್ದೀರಿ.

ಎಡವಟ್ಟಾಗಿರುವುದು ಈ ಎರಡು ತಾರೀಕುಗಳ ನಡುವೆ. ನ್ಯಾಚ್ ಮ್ಯಾಂಡೇಟ್ ರದ್ದಾಗದ ಕಾರಣ 5-1-2025ರಂದು 19ನೇ ಕಂತು ಮತ್ತೆ ವಸೂಲಿಗೆ ಹೋಗಿ ಬೌನ್ಸ್ ಆಗಿದೆ. ಅದಕ್ಕೆ ₹500 ದಂಡ, ₹90 ಜಿಎಸ್‌ಟಿ ಬಿದ್ದಿದೆ. ಇಲ್ಲದ ಈ ₹4,505 ಬಾಕಿಯಿಂದಾಗಿ ತಮ್ಮ ಲೆಕ್ಕದಲ್ಲಿ ಸಾಲ ಇನ್ನೂ ತೆರೆದೇ ಇದೆ. ಸಿಬಿಲ್ ವರದಿಯಲ್ಲಿ ತಡವಾದ ದಿನಗಳು ಜನವರಿಗೆ 026, ಫೆಬ್ರವರಿಗೆ 054, ಮಾರ್ಚ್‌ಗೆ 085, ಏಪ್ರಿಲ್‌ಗೆ 115 ಎಂದು ಏರುತ್ತಲೇ ಹೋಗಿವೆ. 90 ದಿನ ದಾಟಿದ್ದರಿಂದ ಎನ್‌ಪಿಎ ಸಾಲವೆನಿಸಿಕೊಂಡಿದೆ. 781 ಇದ್ದ ಸ್ಕೋರ್ 622ಕ್ಕೆ ಕುಸಿದು, ನನ್ನ ಗೃಹಸಾಲದ ಅರ್ಜಿ ನಿಂತುಹೋಗಿದೆ.

ಮೊದಲು 5-1-2025ರ ಕಂತಿನ ಬೇಡಿಕೆಯನ್ನೂ ₹590 ಶುಲ್ಕವನ್ನೂ ವಾಪಸ್ ನಮೂದಿಸಿ, 2-1-2025ಕ್ಕೇ ಜಾರಿಯಾಗುವಂತೆ ಖಾತೆ ಮುಚ್ಚಬೇಕು, ಮ್ಯಾಂಡೇಟ್ ರದ್ದುಮಾಡಬೇಕು. ಲೆಡ್ಜರ್ ಸರಿಯಾಗದೆ ವರದಿಯನ್ನಷ್ಟೇ ತಿದ್ದಿದರೆ ಮುಂದಿನ ಸಲ ಮಾಹಿತಿ ಹೋದಾಗ ಅದೇ ತಪ್ಪು ಮರಳಿ ಬರುತ್ತದೆ. ಆಮೇಲೆ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ನಾಲ್ಕಕ್ಕೂ ತಿದ್ದಿದ ಮಾಹಿತಿ ಕಳಿಸಬೇಕು. ಬಾಕಿಯನ್ನು ಸೊನ್ನೆ ಮಾಡಿದರೆ ಸಾಲದು, ಜನವರಿ 2025ರಿಂದೀಚಿನ ತಡದ ದಿನಗಳೂ ಎನ್‌ಪಿಎ ಗುರುತೂ ಅಳಿಯಬೇಕು. ಖಾತೆಯ ಸ್ಥಿತಿ ‘Closed’ ಎಂದೇ ಇರಲಿ. ‘Settled’ ಎಂದು ದಯವಿಟ್ಟು ಹಾಕಬೇಡಿ: ಅದು ರಿಯಾಯಿತಿ ಪಡೆದು ಸಾಲ ಮುಗಿಸಿದವರಿಗೆ ಹಾಕುವ ಗುರುತು, ನಾನು ಪೂರ್ತಿ ಕಟ್ಟಿದ್ದೇನೆ. ₹4,505 ಕಟ್ಟಿ ಮುಗಿಸಿಬಿಡಿ ಎಂದು ಕೌಂಟರಿನಲ್ಲಿ ಹೇಳಿದ್ದನ್ನೂ ಇದೇ ಕಾರಣಕ್ಕೆ ಒಪ್ಪಲಾರೆ. ಕಟ್ಟಿದರೆ ಸುಸ್ತಿಯಾಗಿದ್ದು ನಿಜವೆಂದು ನಾನೇ ಒಪ್ಪಿದಂತಾಗುತ್ತದೆ.

ಸಿಬಿಲ್‌ನಲ್ಲೂ 10-10-2025ರಂದು ತಕರಾರು ಸಲ್ಲಿಸಿದ್ದೇನೆ. ತಾವು ದೃಢಪಡಿಸದೆ ಅವರು ತಿದ್ದುವಂತಿಲ್ಲ. ಆರ್‌ಬಿಐನ ನಿಯಮದಂತೆ ತಿದ್ದಿದ ಮಾಹಿತಿ ಕಳಿಸಲು ಬ್ಯಾಂಕಿಗೆ 21 ದಿನವಿದೆ. ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ ಸಲ್ಲಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ.

ಮಾಹಿತಿ ಕಳಿಸಿದ ದಿನಾಂಕವನ್ನು ಲಿಖಿತವಾಗಿ ತಿಳಿಸಿ, ಈ ಪತ್ರದ ಪ್ರತಿಗೆ ಸೀಲು, ದಿನಾಂಕ ಹಾಕಿ ದೂರಿನ ಸಂಖ್ಯೆ ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮಂಜುನಾಥ ಹೆಚ್. ಆರ್.

ಲಗತ್ತು: ಎನ್‌ಒಸಿ, ಮುಂಗಡ ತೀರುವಳಿಯ ಲೆಕ್ಕಪತ್ರ, ಯುಟಿಆರ್ ಸಂಖ್ಯೆ ಇರುವ ಖಾತೆ ವಿವರ, ತಪ್ಪು ನಮೂದಿಗೆ ಗುರುತು ಹಾಕಿದ ಸಿಬಿಲ್ ವರದಿ, ಪ್ಯಾನ್ ಪ್ರತಿ.