ಎಳ್ಳು ಬೀರೋಣ ಬನ್ನಿ: ಮಕ್ಕಳಿಗಾಗಿ ಸಂಕ್ರಾಂತಿ ವಿಡಿಯೊ ಸ್ಕ್ರಿಪ್ಟ್

(ಕನ್ನಡ ಕೂಟ, ಟೊರಾಂಟೊ. ಸುಮಾರು 5 ನಿಮಿಷ. ಪಾತ್ರಗಳು: ಅಜ್ಜಿ, ಮೊಮ್ಮಗ ಚಿನ್ನು 11 ವರ್ಷ, ಮೊಮ್ಮಗಳು ಪುಟ್ಟಿ 7 ವರ್ಷ. ಮಕ್ಕಳು ಮಾತು ಬಾಯಿಪಾಠ ಮಾಡಿ ಒಪ್ಪಿಸುವುದು ಬೇಡ, ಅವರ ಧಾಟಿಯಲ್ಲೇ ಹೇಳಲಿ.)

ದೃಶ್ಯ 1: ಅಡುಗೆಮನೆ. ಕಿಟಕಿಯಾಚೆ ಹಿಮ. ಮೇಜಿನ ಮೇಲೆ ಐದು ಬಟ್ಟಲು.

ಅಜ್ಜಿ: ನಮಸ್ಕಾರ ಮಕ್ಕಳೇ! ನಾನು ಮಂಡ್ಯದ ಅಜ್ಜಿ. ಇವರಿಬ್ಬರು ನನ್ನ ಮೊಮ್ಮಕ್ಕಳು, ಇಲ್ಲೇ ಹುಟ್ಟಿದವರು. ಇವತ್ತು ಸಂಕ್ರಾಂತಿಗೆ ತಯಾರಿ.

ಚಿನ್ನು: ಅಜ್ಜಿ, ಯುಗಾದಿ, ದೀಪಾವಳಿ ಎಲ್ಲ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತೆ. ಇದು ಮಾತ್ರ ಯಾಕೆ ಜನವರಿ 14, ಇಲ್ಲಾ 15?

ಅಜ್ಜಿ: ಅವಕ್ಕೆ ಚಂದ್ರನ ಲೆಕ್ಕ, ಇದಕ್ಕೆ ಸೂರ್ಯನ ಲೆಕ್ಕ. ಸೂರ್ಯ ಮಕರ ರಾಶಿಗೆ ಬರುವ ದಿನ ಇದು. ಅಷ್ಟು ಹೊತ್ತಿಗೆ ನಮ್ಮ ಕಡೆ ಭತ್ತದ ಕೊಯ್ಲು ಮುಗಿದಿರುತ್ತದೆ. ಕಬ್ಬು, ಅವರೆಕಾಯಿ, ಹೊಸ ಅಕ್ಕಿ ಮನೆಗೆ ಬಂದಿರುತ್ತದೆ. ಹಬ್ಬ ಮಾಡದೆ ಸುಮ್ನೆ ಕೂರಕ್ಕಾಗುತ್ತಾ?

ದೃಶ್ಯ 2: ಬಟ್ಟಲುಗಳು, ತೀರಾ ಹತ್ತಿರದಿಂದ.

ಪುಟ್ಟಿ: ಇದು ಎಳ್ಳು. ಇದು ಕಡಲೆಬೀಜ. ಇದು ಹುರಿಗಡಲೆ. ಇದು ಕೊಬ್ಬರಿ. ಇದು ಬೆಲ್ಲ! (ಒಂದು ಚೂರು ಬಾಯಿಗೆ.)

ಅಜ್ಜಿ: ಕಳ್ಳಿ! ದೇವರ ಮುಂದೆ ಇಡುವುದಕ್ಕೆ ಮೊದಲೇ ತಿಂದೆಯಾ? ನೋಡಿ, ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಚಟಪಟ ಅಂದರೆ ಸಾಕು. ಕಡಲೆಬೀಜ ಹುರಿದು, ಸಿಪ್ಪೆ ಉಜ್ಜಿ, ಊದಿ, ಎರಡು ಬೇಳೆ ಮಾಡಬೇಕು. ಈ ಊದುವ ಕೆಲಸ ಮಕ್ಕಳದ್ದೇ. ಮನೆಯೆಲ್ಲ ಸಿಪ್ಪೆ ಆಗುತ್ತೆ, ಆಗಲಿ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಬೆಲ್ಲದ ಹಾಗೇ ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸುವುದು ದೊಡ್ಡವರು. ಚೂರು ಹುರಿಗಡಲೆಗಿಂತ ದೊಡ್ಡದಿದ್ದರೆ ಮೈಸೂರು ಕಡೆ ಅತ್ತೆಯಂದಿರು ಬಿಡುವುದಿಲ್ಲ! ಊರಲ್ಲಿ ಚೂರುಗಳನ್ನು ಬಿಸಿಲಿಗಿಟ್ಟು ಒಣಗಿಸುತ್ತೇವೆ. ಇಲ್ಲಿ ಬಿಸಿಲೆಲ್ಲಿ? ಹೀಟರ್ ಹತ್ತಿರ ತಟ್ಟೆಯಲ್ಲಿ ಹರವಿ. ಹಸಿ ಇದ್ದರೆ ಎಲ್ಲ ಅಂಟಿಕೊಂಡು ಉಂಡೆಯಾಗುತ್ತೆ.

ಚಿನ್ನು: ಇದು ಏನು, ಗಿಳಿನಾ?

ಅಜ್ಜಿ: ಸಕ್ಕರೆ ಅಚ್ಚು. ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಜೋಡಿಸಿ, ಬಿಗಿಯಾಗಿ ಕಟ್ಟಿ, ಬಿಸಿ ಪಾಕ ಹುಯ್ಯುತ್ತೇವೆ. ಗಟ್ಟಿಯಾದ ಮೇಲೆ ಬಿಚ್ಚಿದರೆ ಗಿಳಿ, ಮೀನು, ತುಳಸಿಕಟ್ಟೆ. ಗಿಳಿಯ ಕೊಕ್ಕು ಮುರಿದರೆ ಮುರಿದಿದ್ದು ಮಕ್ಕಳ ಪಾಲು. ಮುರಿಯದಿದ್ದರೆ ಮಕ್ಕಳೇ ಮುರಿಯುತ್ತಾರೆ.

ದೃಶ್ಯ 3: ಪುಟ್ಟಿ ರೇಷ್ಮೆ ಲಂಗ, ಚಿನ್ನು ಜುಬ್ಬಾ. ತಟ್ಟೆಯಲ್ಲಿ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು.

ಅಜ್ಜಿ: ಹಬ್ಬದ ಮಜಾ ಇರುವುದು ಇಲ್ಲಿ. ಮನೆಮನೆಗೆ ಹೋಗಿ ಎಳ್ಳು ಬೀರುವುದು. ಮೊದಲೆಲ್ಲ ಹೆಣ್ಣುಮಕ್ಕಳೇ ಹೋಗುತ್ತಿದ್ದರು. ನಮ್ಮ ಚಿನ್ನುವೂ ಹೋಗುತ್ತಾನೆ, ತಟ್ಟೆ ಭಾರ ಅಲ್ವಾ? ಕೊಡುವಾಗ ಏನು ಹೇಳಬೇಕು?

ಇಬ್ಬರೂ: ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ!

ಅಜ್ಜಿ: ಅವರೂ ನಿಮಗೆ ಕೊಡುತ್ತಾರೆ. ಖಾಲಿ ತಟ್ಟೆ ವಾಪಸ್ ಬರುವುದೇ ಇಲ್ಲ. ಸಂಜೆಗೆ ನಮ್ಮ ಮನೆಯ ಎಳ್ಳಿಗಿಂತ ಬೇರೆ ಮನೆಯದೇ ಜಾಸ್ತಿ ಇರುತ್ತೆ. ಒಂದು ಮಾತು: ಇದನ್ನು ಸ್ಕೂಲಿಗೆ ಒಯ್ಯಬೇಡಿ. ಕಡಲೆಬೀಜ, ಎಳ್ಳು ಕೆಲವರಿಗೆ ಅಲರ್ಜಿ. ಫ್ರೆಂಡ್ಸ್‌ಗೆ ಕೊಡಬೇಕಾದರೆ ಮೊದಲು ಅವರ ಅಪ್ಪ ಅಮ್ಮನನ್ನು ಕೇಳಿ.

ದೃಶ್ಯ 4: ಊರಿನಿಂದ ಬಂದ ವಿಡಿಯೊ ತುಣುಕು. ಕೊಂಬಿಗೆ ಬಣ್ಣ, ಕೊರಳಿಗೆ ಹೂವಿನ ಹಾರ ಹಾಕಿದ ಎತ್ತುಗಳು.

ಪುಟ್ಟಿ: ಬೆಂಕಿ! ಹಸು ಬೆಂಕಿ ಮೇಲೆ ಹಾರ್ತಿದೆ!

ಅಜ್ಜಿ: ಅದೇ ಕಿಚ್ಚು ಹಾಯಿಸುವುದು. ಬೆಳಗ್ಗೆ ಮೈ ತೊಳೆದು, ಅರಿಸಿನ ಬಳಿದು, ಹೊಟ್ಟೆ ತುಂಬ ತಿನ್ನಿಸಿರುತ್ತಾರೆ. ಕತ್ತಲಾಗುವ ಹೊತ್ತಿಗೆ ದಾರಿಗೆ ಹುಲ್ಲು ಹಾಕಿ ಹೊತ್ತಿಸುತ್ತಾರೆ. ದನ, ಹಿಡಿದವನು ಇಬ್ಬರೂ ಒಂದೇ ಓಟ. ನೀವು ದೂರ ನಿಂತು ಕೂಗುವುದಷ್ಟೇ.

ಚಿನ್ನು: ಉತ್ತರ ಕರ್ನಾಟಕದಲ್ಲೂ ಹೀಗೇನಾ?

ಅಜ್ಜಿ: ಅಲ್ಲಿ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಸ್ನಾನ. ಊಟಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಹಂಚುವುದು ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಹತ್ತಿಸಿದ ಎಳ್ಳು. ಇನ್ನು ನಮ್ಮ ಕಡೆ, ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿ ದಿನ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತೆ. ಊರಿಗೆ ಹೋದಾಗ ತೋರಿಸಿ ಅಂತ ಹಟ ಮಾಡಿ.

ದೃಶ್ಯ 5: ಮಣೆಯ ಮೇಲೆ ಒಂದು ಪುಟ್ಟ ಪಾಪು. ಸುತ್ತ ಮಕ್ಕಳು ಕಾಯುತ್ತಿದ್ದಾರೆ.

ಅಜ್ಜಿ: ಪಾಪುವಿನ ತಲೆ ಮೇಲಿಂದ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿದು ಆರತಿ ಮಾಡುತ್ತೇವೆ. ದೃಷ್ಟಿ ಹೋಗಲಿ ಅಂತ. ಇಲ್ಲಿ ಎಲಚಿ ಸಿಗದಿದ್ದರೆ ಚಿಕ್ಕ ದ್ರಾಕ್ಷಿ ಸಾಕು. ಕಾಸು ದೊಡ್ಡ ಮಕ್ಕಳು ಆರಿಸಿಕೊಳ್ಳಿ, ಪಾಪು ಬಾಯಿಗೆ ಹಾಕಿಕೊಳ್ಳುವುದರೊಳಗೆ!

(ಸುರಿಯುತ್ತಾರೆ. ಮಕ್ಕಳು ಮುಗಿಬೀಳುತ್ತಾರೆ. ಗಲಾಟೆ ಹಾಗೇ ಇರಲಿ, ಎಡಿಟ್‌ನಲ್ಲಿ ತೆಗೆಯಬೇಡಿ.)

ಪರದೆಯ ಮೇಲೆ ಬರಹ: ಹಬ್ಬ ಆದ ಮೇಲೆ ಬರುವ ಮೊದಲ ಶನಿವಾರ ಸಂಜೆ 4ಕ್ಕೆ ಕೂಟದ ಹಾಲ್‌ನಲ್ಲಿ ಎಳ್ಳು ಬೀರುವುದು. ಮುಚ್ಚಳ ಇರುವ ಡಬ್ಬಿ ತನ್ನಿ. ಸಿಹಿ ಪೊಂಗಲ್, ಖಾರ ಪೊಂಗಲ್ ಕೂಟದ್ದು.