ಗಂಗಾವತಿ ಹಲ್ಲಿನ ಕ್ಲಿನಿಕ್: ಅಪಾಯಿಂಟ್‌ಮೆಂಟ್ ಆ್ಯಪ್‌ನಲ್ಲಿ ಏನೇನು ಬೇಕು

ನಮಸ್ಕಾರ. ಫೋನಿನಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಇಲ್ಲದ್ದನ್ನು ಮಾಡುವ ಮೊದಲು ಒಂದು ಮಾತು ಕೇಳಿ.

ಕ್ಲಿನಿಕ್ ಅಕ್ಕನದು, ಡಾಕ್ಟರ್ ಅವಳೊಬ್ಬಳೇ. ಈಗ ಎಲ್ಲಾ ಕೌಂಟರಿನ ನೋಟ್‌ಬುಕ್‌ನಲ್ಲೇ ನಡೆಯುತ್ತಿದೆ. ಬೆಳಿಗ್ಗೆ 10ರಿಂದ 1:30, ಸಂಜೆ 5ರಿಂದ 8:30, ಭಾನುವಾರ ರಜೆ.

ಕೌಂಟರ್ ಸ್ಕ್ರೀನ್

ಮೊದಲು ಇದನ್ನೇ ಮಾಡಿ. ನಮ್ಮ ಪೇಷಂಟ್‌ಗಳಲ್ಲಿ ಜಾಸ್ತಿ ಜನ ಫೋನ್ ಮಾಡುತ್ತಾರೆ, ಇಲ್ಲವೇ ಕಾರಟಗಿ, ಕನಕಗಿರಿ ಕಡೆಯಿಂದ ಬಸ್ ಹತ್ತಿ ನೇರ ಬಂದುಬಿಡುತ್ತಾರೆ, ಹಾಗಾಗಿ ಆ್ಯಪ್ ಬಳಸುವುದು ಮುಖ್ಯವಾಗಿ ಕೌಂಟರಿನ ಹುಡುಗಿ. ಕಿವಿಗೆ ಫೋನ್ ಹಿಡಿದುಕೊಂಡೇ ಒಂದು ಕೈಯಲ್ಲಿ ಬುಕ್ ಮಾಡುವಂತಿರಬೇಕು: ಹೆಸರು, ನಂಬರ್, ಸಮಯ, ಮುಗೀತು. ಇಮೇಲ್, ವಯಸ್ಸು, ವಿಳಾಸ ಯಾವುದೂ ಬೇಡ.

ಒಂದು ಸ್ಲಾಟ್ ಅಂದರೆ ಅರ್ಧ ಗಂಟೆ, ಹೊತ್ತಿಗೆ 7 ಸ್ಲಾಟ್. ಅದರಲ್ಲಿ 4 ಮಾತ್ರ ಬುಕಿಂಗ್‌ಗೆ, ಉಳಿದ 3 ನೇರ ಬಂದವರಿಗೆ. ಬಸ್ ಹತ್ತಿ ಬಂದವರನ್ನು ವಾಪಸ್ ಕಳಿಸೋಕಾಗಲ್ಲ ಅಲ್ವಾ? ಈ 4-3 ಲೆಕ್ಕವನ್ನು ನಾವೇ ಬದಲಿಸುವಂತಿರಲಿ. ರೂಟ್ ಕೆನಾಲ್ ಅಂತ ಆರಿಸಿದರೆ ಒಂದರ ಹಿಂದೆ ಒಂದು ಎರಡು ಸ್ಲಾಟ್ ಹಿಡಿಯಬೇಕು.

ಫೋನ್ ನಂಬರ್ ಒಂದೇ ಇದ್ದರೆ ಪೇಷಂಟ್ ಒಬ್ಬರೇ ಅಂತ ತಿಳಿಯಬೇಡಿ. ಅಜ್ಜಿ, ಸೊಸೆ, ಮೊಮ್ಮಗ ಮೂವರಿಗೂ ಮಗನ ನಂಬರೇ ಇರುತ್ತದೆ. ನಂಬರ್ ಹೊಡೆದರೆ ಆ ಮನೆಯವರೆಲ್ಲರ ಹೆಸರು ಬರಲಿ.

ಕೌಂಟರಿನಲ್ಲೂ ಪೇಷಂಟ್ ಮೊಬೈಲಿನಲ್ಲೂ ಒಂದೇ ಸ್ಲಾಟನ್ನು ಒಂದೇ ಕ್ಷಣಕ್ಕೆ ಒತ್ತಿದರೂ ಒಬ್ಬರಿಗೇ ಸಿಗಬೇಕು. ಇದನ್ನು ಡೇಟಾಬೇಸಿನಲ್ಲೇ ತಡೆಯಿರಿ, ಸುಮ್ನೆ ಬಟನ್ ಮಸುಕು ಮಾಡಿದರೆ ಸಾಲದು. ಕರೆಂಟ್ ಹೋಗಿ ನೆಟ್ ಕಡಿದಾಗ ಆ ದಿನದ ಪಟ್ಟಿಯಾದರೂ ಮೊಬೈಲಿನಲ್ಲಿ ಕಾಣಬೇಕು, ಹೊಸ ಬುಕಿಂಗ್ ಆಗದಿದ್ದರೂ ನಡೆಯುತ್ತದೆ.

ಪೇಷಂಟ್‌ಗೆ

ಪ್ಲೇಸ್ಟೋರ್ ಬೇಡ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ತೆರೆಯುವ ಒಂದು ಲಿಂಕ್ ಸಾಕು. ಕನ್ನಡದಲ್ಲಿರಲಿ. ಒಟಿಪಿ ಇರಲಿ, ಪಾಸ್‌ವರ್ಡ್ ಬೇಡ.

ಹಿಂದಿನ ಸಂಜೆ 6ಕ್ಕೆ ಎಸ್ಎಂಎಸ್ ಹೋಗಬೇಕು: "ನಾಳೆ 10:30ಕ್ಕೆ ಹಲ್ಲಿನ ಕ್ಲಿನಿಕ್. ಬರದಿದ್ದರೆ ಫೋನ್ ಮಾಡಿ." ಇದಕ್ಕಿಂತ ಉದ್ದ ಎಳೆಯಬೇಡಿ. ಕನ್ನಡದಲ್ಲಿ ಒಂದು ಎಸ್ಎಂಎಸ್‌ಗೆ 70 ಅಕ್ಷರವೇ ಮಿತಿ, ಅದರಲ್ಲಿ ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಎಣಿಕೆ, ದಾಟಿದರೆ ಎರಡು ಮೆಸೇಜಿನ ದುಡ್ಡು. ಡಿಎಲ್‌ಟಿ ನೋಂದಣಿ ನಾವು ಮಾಡಿಸುತ್ತೇವೆ, ಅದಕ್ಕೆ ಬೇಕಾದ ಟೆಂಪ್ಲೇಟನ್ನು ಮೊದಲ ವಾರವೇ ಕೊಡಿ, ಒಪ್ಪಿಗೆ ಬರುವವರೆಗೆ ಮೆಸೇಜ್ ಹೋಗುವುದಿಲ್ಲ.

ಬೇಡದ್ದು

ಆನ್‌ಲೈನ್ ಪೇಮೆಂಟ್, ಎಕ್ಸ್‌ರೇ ಅಪ್‌ಲೋಡ್, ಔಷಧಿ ಚೀಟಿ, ರೇಟಿಂಗ್. ಚೆನ್ನಾಗಿರುತ್ತದೆ ಅಂತ ನೀವಾಗಿ ಸೇರಿಸಬೇಡಿ.

ಕೊಡುವುದು, ತೆಗೆದುಕೊಳ್ಳುವುದು

ಆರು ವಾರ, 45,000 ರೂಪಾಯಿ. ಶುರುವಿಗೆ 15,000, ಕೌಂಟರ್ ಸ್ಕ್ರೀನ್ ಓಡಿದಾಗ 15,000. ಕೊನೆಯ 15,000 ಕೊಡುವುದು ನಮ್ಮ ಹುಡುಗಿ ನೋಟ್‌ಬುಕ್ ಮುಟ್ಟದೆ ಒಂದು ವಾರ ಕೆಲಸ ಮಾಡಿದ ಮೇಲೆ. ಡೊಮೇನ್, ಸರ್ವರ್, ಎಸ್ಎಂಎಸ್ ಖಾತೆ ಎಲ್ಲಾ ಅಕ್ಕನ ಹೆಸರಿನಲ್ಲೇ, ಕೋಡ್ ಕೂಡ ನಮಗೆ ಕೊಡಬೇಕು. ಪೇಷಂಟ್‌ಗಳ ನಂಬರ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು, ಟೆಸ್ಟ್ ಮಾಡಲು ಸುಳ್ಳು ಹೆಸರು ಹಾಕಿಕೊಳ್ಳಿ. ಮೂರು ತಿಂಗಳು ತಪ್ಪು ಸರಿಪಡಿಸುವುದು ಇದರಲ್ಲೇ ಸೇರಿದೆ, ಹೊಸದೇನಾದರೂ ಕೇಳಿದರೆ ಬೇರೆ ದುಡ್ಡು ಕೊಡುತ್ತೇವೆ.

ಒಪ್ಪಿಗೆ ಇದ್ದರೆ ಸೋಮವಾರದೊಳಗೆ ತಿಳಿಸಿ. ಶುರು ಮಾಡುವ ಮೊದಲು ಒಂದು ಸಂಜೆ ಬಂದು ಕೌಂಟರ್ ಹತ್ತಿರ ಕೂತು ನೋಡಿ, 6ರಿಂದ 7ರ ಹೊತ್ತಿಗೆ ಬಂದರೆ ಒಳ್ಳೇದು, ಆಗಲೇ ರಶ್ ಜಾಸ್ತಿ.