ಶುಕ್ರವಾರ ಧನ್ಯಾಳನ್ನು ಕಳಿಸಲು ಆಗುತ್ತಿಲ್ಲ, ಸುಮಕ್ಕ

ಸುಮಕ್ಕ, ನಮಸ್ತೆ.

ಸಿಂಚನಾಳ ಬರ್ತಡೇ ಕಾರ್ಡು ನೋಡಿದೆ. ಆಗಲೇ ಹತ್ತು ತುಂಬಿತಾ ಅವಳಿಗೆ! ಒಂದನೇ ಕ್ಲಾಸಿನಲ್ಲಿ ಇವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಳುತ್ತಿದ್ದದ್ದು ಇನ್ನೂ ನೆನಪಿದೆ. ಕಾರ್ಡು ಕಳಿಸಿ ಸುಮ್ಮನಾಗದೆ ಫೋನ್ ಮಾಡಿಯೂ ಕರೆದಿರಿ, ತುಂಬಾ ಖುಷಿಯಾಯಿತು. ಫೋನಿನಲ್ಲಿ ನಾನು ಸರಿಯಾಗಿ ಉತ್ತರ ಹೇಳಲಿಲ್ಲ. ಮನೆಯವರ ಹತ್ತಿರ, ಧನ್ಯಾಳ ಹತ್ತಿರ ಮಾತಾಡಿ ತಿಳಿಸೋಣ ಅಂದುಕೊಂಡೆ.

ಶುಕ್ರವಾರ ಸಂಜೆ ಧನ್ಯಾಳನ್ನು ಕಳಿಸಲು ಆಗುತ್ತಿಲ್ಲ ಅಕ್ಕ. ಮರುದಿನವೇ, 13ನೇ ತಾರೀಕು ಶನಿವಾರ, ಅವಳಿಗೆ ನವೋದಯ ಪರೀಕ್ಷೆ. ಬೆಳಿಗ್ಗೆ 11:30ಕ್ಕೆ ಶುರು, ಸೆಂಟರ್ ತೀರ್ಥಹಳ್ಳಿಯಲ್ಲೇ ಬಿದ್ದಿದೆ.

ಶಾಲೆಯ ಪರೀಕ್ಷೆಯಾಗಿದ್ದರೆ ನಾನು ಇಷ್ಟು ಯೋಚನೆ ಮಾಡುತ್ತಿರಲಿಲ್ಲ. ಕಿರುಪರೀಕ್ಷೆಯ ಹಿಂದಿನ ದಿನವೂ ಅವಳನ್ನು ನಿಮ್ಮನೆಗೆ ಆಡಲು ಬಿಟ್ಟಿದ್ದೇನೆ, ನಿಮಗೇ ಗೊತ್ತು. ಆದರೆ ನವೋದಯ ಆರನೇ ಕ್ಲಾಸಿನ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಈ ವರ್ಷ ಆಗಲಿಲ್ಲ, ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ. ನಮ್ಮ ಜಿಲ್ಲೆಯ ಶಾಲೆ ಗಾಜನೂರಿನಲ್ಲಿದೆ, ಜಿಲ್ಲೆಗೆಲ್ಲ ಸೇರಿ ಹೆಚ್ಚೆಂದರೆ 80 ಸೀಟು. ಸಿಕ್ಕರೆ ಹನ್ನೆರಡನೇ ಕ್ಲಾಸಿನವರೆಗೂ ಓದು, ಊಟ, ಹಾಸ್ಟೆಲ್ ಎಲ್ಲ ಅಲ್ಲೇ, ಖರ್ಚಿಲ್ಲದೆ. ನಮ್ಮಂಥ ಸಣ್ಣ ಅಡಿಕೆ ತೋಟದವರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸಿಗುತ್ತದೋ ಇಲ್ಲವೋ ಬೇರೆ ಮಾತು. ಅವಳು ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬಾ ತಿಂದು, ಗಾಬರಿಯಿಲ್ಲದೆ ಹೋಗಿ ಕೂರಲಿ ಅನ್ನುವುದಷ್ಟೇ ನನ್ನ ಆಸೆ.

"ಐದು ನಿಮಿಷ ಬಂದು ಕೇಕ್ ಕಟ್ ಮಾಡುವಾಗ ಇದ್ದು ಹೋಗಿ" ಅಂತ ನೀವು ಹೇಳುತ್ತೀರಿ, ಗೊತ್ತು. ನಾನೂ ಮೊದಲು ಹಾಗೇ ಯೋಚಿಸಿದೆ. ಆದರೆ ನಿಮ್ಮ ಮನೆಯಿಂದ ಐದು ನಿಮಿಷಕ್ಕೆ ಎದ್ದು ಬರುವ ಹುಡುಗಿಯಾ ಇವಳು? ಕೇಕ್ ಕಟ್ ಮಾಡುವುದೇ ಏಳು ಗಂಟೆಗೆ. ಆಮೇಲೆ ಡ್ಯಾನ್ಸು, ಊಟ. ರಾತ್ರಿ ನಮ್ಮ ಕಡೆಗೆ ಬಸ್ಸಿಲ್ಲ. ಮನೆಯವರು ಜೀಪು ತಂದರೂ ಆಗುಂಬೆ ರಸ್ತೆಯಲ್ಲಿ ಮನೆ ಸೇರಿ ಮಲಗುವಷ್ಟರಲ್ಲಿ ಹತ್ತೂವರೆ ದಾಟುತ್ತದೆ. ಅಷ್ಟು ಕುಣಿದು ಬಂದ ಮೇಲೆ ಅವಳಿಗೆ ಬೇಗ ನಿದ್ದೆಯೂ ಹತ್ತುವುದಿಲ್ಲ.

ನಿಮ್ಮನೆಯಲ್ಲೇ ಉಳಿಸಿಕೊಂಡು ಬೆಳಿಗ್ಗೆ ಸೆಂಟರಿಗೆ ಬಿಡುತ್ತೇನೆ ಅಂತಲೂ ನೀವು ಹೇಳುವವರೇ. ನಿಮ್ಮ ಹತ್ತಿರ ಬಿಡಲು ನನಗೆ ಒಂದಿಷ್ಟೂ ಯೋಚನೆಯಿಲ್ಲ ಅಕ್ಕ. ಆದರೆ ಈ ಎರಡೂ ಸೇರಿದರೆ ಹನ್ನೆರಡರವರೆಗೂ ಪಿಸಪಿಸ ನಿಲ್ಲುವುದಿಲ್ಲ. ಕಳೆದ ದಸರಾ ರಜೆಯಲ್ಲಿ ನಮ್ಮನೆಯಲ್ಲಿ ನೋಡಿದ್ದೇನಲ್ಲ!

ಪರೀಕ್ಷೆಯ ರೀತಿಯೂ ಹಾಗಿದೆ. ಎರಡು ಗಂಟೆಯಲ್ಲಿ 80 ಪ್ರಶ್ನೆ. ಅದರಲ್ಲಿ 40 ಮಾನಸಿಕ ಸಾಮರ್ಥ್ಯದ್ದು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಅಂಥವು. ಉಳಿದದ್ದು ಲೆಕ್ಕ ಮತ್ತು ಕನ್ನಡ. ಆ ಚಿತ್ರದ ಪ್ರಶ್ನೆಗಳು ಬಾಯಿಪಾಠ ಮಾಡಿ ಬರುವಂಥವಲ್ಲ, ಕಣ್ಣು ಚುರುಕಾಗಿರಬೇಕು. ನಿದ್ದೆ ಸರಿಯಾದ ದಿನ ಧನ್ಯಾ ಅವನ್ನು ಆಟದ ಹಾಗೆ ಮಾಡುತ್ತಾಳೆ. ಸುಸ್ತಾದ ದಿನ ಸುಲಭದ್ದನ್ನೂ ತಪ್ಪು ಮಾಡಿ, ಒಎಂಆರ್ ಶೀಟಿನಲ್ಲಿ ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಗುಂಡು ತುಂಬಿಸುತ್ತಾಳೆ. ಅದಕ್ಕೇ ಹಿಂದಿನ ಸಂಜೆ ಪುಸ್ತಕವನ್ನೂ ಮುಚ್ಚಿಟ್ಟು ಬೇಗ ಮಲಗಿಸಬೇಕು ಅಂತಿದ್ದೇನೆ. ಅವಳನ್ನು ಓದಲು ಕೂರಿಸುವುದಕ್ಕೋಸ್ಕರ ಬರ್ತಡೇ ತಪ್ಪಿಸುತ್ತಿದ್ದೇನೆ ಅಂತ ಮಾತ್ರ ದಯವಿಟ್ಟು ಅಂದುಕೊಳ್ಳಬೇಡಿ.

ಧನ್ಯಾಗೆ ಹೇಳಿದಾಗ ಅತ್ತಳು. ಅವಳಿಗೆ ಸಿಟ್ಟು ಬಂದದ್ದು ಪರೀಕ್ಷೆಯ ಮೇಲಲ್ಲ, ಡ್ಯಾನ್ಸ್ ತಪ್ಪುತ್ತದೆ ಅಂತ. ನಾಲ್ಕು ಜನರ ಡ್ಯಾನ್ಸು, ಅವಳಿಲ್ಲದಿದ್ದರೆ ಮೂವರೇ ಆಗುತ್ತಾರೆ. ಇನ್ನೂ ಒಂದು ವಾರ ಇದೆ, ಬೇರೆ ಯಾರಿಗಾದರೂ ಕಲಿಸಬಹುದು ಅಂತ ಈಗಲೇ ತಿಳಿಸುತ್ತಿದ್ದೇನೆ. ಸೋಮವಾರ ಶಾಲೆಯಲ್ಲಿ ತಾನೇ ಸ್ಟೆಪ್ಪು ಹೇಳಿಕೊಡುತ್ತಾಳಂತೆ. ನಮಗೋಸ್ಕರ ದಿನ ಮಾತ್ರ ಬದಲಾಯಿಸಬೇಡಿ ಅಕ್ಕ. ಹುಟ್ಟಿದ ದಿನವೇ ಕೇಕ್ ಕಟ್ ಮಾಡಬೇಕು ಅಂತ ಮಗುವಿಗೆ ಆಸೆ ಇರುತ್ತದೆ, ಶಿವಮೊಗ್ಗದಿಂದ ಅಜ್ಜ ಅಜ್ಜಿಯೂ ಬರುತ್ತಿದ್ದಾರೆ.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಸೀಟು ಸಿಕ್ಕಿಬಿಟ್ಟರೆ ಮುಂದಿನ ಡಿಸೆಂಬರಿನಲ್ಲಿ ಧನ್ಯಾ ಗಾಜನೂರಿನ ಹಾಸ್ಟೆಲಿನಲ್ಲಿರುತ್ತಾಳೆ. ಆಗ ಸಿಂಚನಾಳ ಬರ್ತಡೇಗೆ ಬರುವುದು ಇನ್ನೂ ಕಷ್ಟ. ಅದನ್ನು ನೆನೆಸಿಕೊಂಡು ಕಳಿಸಿಬಿಡೋಣ ಅಂತ ಎರಡು ಮನಸ್ಸಾಯಿತು. ಕೊನೆಗೆ, ಇವರಿಬ್ಬರಿಗೆ ಅವಸರವಿಲ್ಲದ ಒಂದು ದಿನವನ್ನೇ ಕೊಡೋಣ ಅನ್ನಿಸಿತು. ನಿಮಗೆ ತೊಂದರೆಯಿಲ್ಲದಿದ್ದರೆ 14ನೇ ತಾರೀಕು ಭಾನುವಾರ ಸಿಂಚನಾಳನ್ನು ಬೆಳಿಗ್ಗೆಯೇ ನಮ್ಮನೆಗೆ ಕಳಿಸಿ. ಮನೆಯವರೇ ಬಂದು ಕರೆದುಕೊಂಡು ಬರುತ್ತಾರೆ, ಸಂಜೆ ತಂದು ಬಿಡುತ್ತಾರೆ. ಅಡಿಕೆ ಕೊಯ್ಲು ನಡೆಯುತ್ತಿದೆ, ಅಂಗಳದ ತುಂಬಾ ಅಡಿಕೆ ಹರಡಿರುತ್ತದೆ, ಆದರೂ ಮಕ್ಕಳಿಗೆ ಆಡಲು ಜಾಗಕ್ಕೆ ಬರವಿಲ್ಲ. ಅವಳಿಗೆ ಇಷ್ಟ ಅಂತ ಕೊಟ್ಟೆ ಕಡುಬು ಮಾಡುತ್ತೇನೆ. ನೀವೂ ಬಂದರೆ ಇನ್ನೂ ಸಂತೋಷ, ಆದರೆ ಹಿಂದಿನ ದಿನಗಳ ಓಡಾಟದಿಂದ ನಿಮಗೂ ಸುಸ್ತಾಗಿರುತ್ತದೆ, ಬಲವಂತ ಇಲ್ಲ.

ಗಿಫ್ಟು ಶುಕ್ರವಾರ ಶಾಲೆಯ ವ್ಯಾನಿನಲ್ಲಿ ಧನ್ಯಾಳ ಕೈಯಲ್ಲೇ ಕಳಿಸುತ್ತೇನೆ. ಸಂಜೆಯವರೆಗೂ ಬಿಚ್ಚಬಾರದು ಅಂತ ಅವಳ ಆರ್ಡರ್! ಊಟಕ್ಕೆ ನಮ್ಮ ಮೂವರನ್ನೂ ಲೆಕ್ಕಕ್ಕೆ ಹಿಡಿಯಬೇಡಿ, ರಿಟರ್ನ್ ಗಿಫ್ಟೂ ಎತ್ತಿಡಬೇಡಿ. ನವೋದಯದ ವಿಷಯ ನಿಮ್ಮಿಂದ ಮುಚ್ಚಿಡುವಂಥದ್ದಲ್ಲ. ಆದರೆ ಅವತ್ತು ಬಂದ ಬೇರೆಯವರು ಕೇಳಿದರೆ "ಪರೀಕ್ಷೆ ಇದೆಯಂತೆ" ಅಂದರೆ ಸಾಕು. ಎಲ್ಲರೂ ವಿಚಾರಿಸತೊಡಗಿದರೆ ಅವಳಿಗೆ ಭಯ ಜಾಸ್ತಿಯಾಗುತ್ತದೆ.

ಕೆಳಗಿನದನ್ನು ಸಿಂಚನಾಗೆ ಓದಿ ಹೇಳಿ:

ಸಿಂಚನಾ ಪುಟ್ಟಿ, ನಿನಗೆ ಹುಟ್ಟುಹಬ್ಬದ ಶುಭಾಶಯ. ಧನ್ಯಾ ಬರದೇ ಇರುವುದಕ್ಕೆ ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ ಮರೀ. ಬೇಡ ಅಂದದ್ದು ಈ ಆಂಟಿ. ಅವಳು ಬಂದೇ ಬರುತ್ತೇನೆ ಅಂತ ಹಟ ಹಿಡಿದಿದ್ದಳು. ನಿನ್ನ ಹೊಸ ಲಂಗ ಹಾಕಿಕೊಂಡು ಚೆನ್ನಾಗಿ ಡ್ಯಾನ್ಸ್ ಮಾಡು, ಅಮ್ಮನಿಗೆ ವಿಡಿಯೋ ತೆಗೆಯಲು ಹೇಳು. ಶನಿವಾರ ಒಂದೂವರೆಗೆ ಪರೀಕ್ಷೆ ಮುಗಿದ ತಕ್ಷಣ ಧನ್ಯಾ ನಿನಗೇ ಮೊದಲು ಫೋನ್ ಮಾಡುತ್ತಾಳೆ. ಭಾನುವಾರ ಬಂದಾಗ ನಮ್ಮನೆಯಲ್ಲಿ ಇನ್ನೊಂದು ಸಲ ಕೇಕ್ ಕಟ್ ಮಾಡೋಣ, ಆಯ್ತಾ?

ಸುಮಕ್ಕ, ಭಾನುವಾರ ಎಷ್ಟು ಹೊತ್ತಿಗೆ ಬಂದರೆ ಅನುಕೂಲ ಅಂತ ಬಿಡುವಾದಾಗ ತಿಳಿಸಿ. ಅಣ್ಣನಿಗೂ ಅತ್ತೆಯವರಿಗೂ ನಮ್ಮ ನಮಸ್ಕಾರ ಹೇಳಿ.

ನಿಮ್ಮ,
ಧನ್ಯಾಳ ಅಮ್ಮ